ಮಂಗಳವಾರದ ಅರಿಕೆ

ಕೆಲಸದ ವೇಳೆಯನ್ನು ಬದಲಿಸಿಕೊಡಿರೆಂದು ಮಾಲೀಕರಿಗೆ ಬರೆಯುವ ಪತ್ರಗಳಲ್ಲಿ ಸಾಮಾನ್ಯವಾಗಿ ಕಣ್ಣೀರು ಹೆಚ್ಚು, ಗಡಿಯಾರ ಕಡಮೆ. ಮೂತ್ರಪಿಂಡಗಳು ಸೋತು, ಡಯಾಲಿಸಿಸ್ ಯಂತ್ರವನ್ನೇ ನಂಬಿದವನ ಪತ್ರದಲ್ಲಿ ಇದು ತಿರುವುಮುರುವಾಗಬೇಕು. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯು ಹೆಸರಿಸಿದ 21 ನ್ಯೂನತೆಗಳಲ್ಲಿ ಈ ರೋಗವಿಲ್ಲ. ಆದುದರಿಂದ ಖಾಸಗಿ ನೌಕರನ ಪತ್ರವು ಹಕ್ಕಿನ ದನಿಯಲ್ಲಿ ಮಾತನಾಡುವುದು ಕಷ್ಟ. ಲೆಕ್ಕವನ್ನು ಒಪ್ಪಿಸಿ ಸಮ್ಮತಿಯನ್ನು ಕೇಳುವುದೇ ಅದಕ್ಕಿರುವ ದಾರಿ.

ಸುರಪುರದಲ್ಲಿ ಮನೆ, ಶಹಾಪುರದ ಹತ್ತಿ ಮಿಲ್ಲೊಂದರಲ್ಲಿ ಗುಮಾಸ್ತಿಕೆ, ಯಾದಗಿರಿಯಲ್ಲಿ ಡಯಾಲಿಸಿಸ್—ಹೀಗೊಬ್ಬನಿದ್ದಾನೆಂದು ವಾಚಕರು ಭಾವಿಸಿಕೊಳ್ಳಲಿ. ಜಿಲ್ಲಾ ಆಸ್ಪತ್ರೆಗಳಲ್ಲಿ ಬಡವರಿಗೆ ಉಚಿತ ಡಯಾಲಿಸಿಸ್ ಒದಗಿಸುವ ಯೋಜನೆಯನ್ನು ಕೇಂದ್ರ ಸರ್ಕಾರವು 2016ರಲ್ಲಿ ಸಾರಿತು. ಹಣದ ಚಿಂತೆ ಅಷ್ಟರಮಟ್ಟಿಗೆ ತಗ್ಗಿದರೂ ವೇಳೆಯ ಚಿಂತೆ ಉಳಿದೇ ಇದೆ. ಒಂದೊಂದು ಯಂತ್ರವೂ ದಿನಕ್ಕೆ ಇಬ್ಬರು ಮೂವರಿಗೆ ಸರದಿಯಂತೆ ದುಡಿಯುವುದರಿಂದ, ದೊರೆತ ಸರದಿಯೇ ಸರದಿ. ಈತನಿಗೆ ದೊರೆತದ್ದು ಮಂಗಳವಾರ, ಗುರುವಾರ, ಶನಿವಾರ, ಬೆಳಗಿನ 7 ಗಂಟೆ.

ಆ ದಿನಗಳಲ್ಲಿ ಅವನು ನಸುಕಿನ 5 ಗಂಟೆಯ ಬಸ್ಸು ಹಿಡಿದು, ಶಹಾಪುರವನ್ನು ಹಾಯ್ದು, ಭೀಮಾ ನದಿಯನ್ನು ದಾಟಿ ಯಾದಗಿರಿ ಸೇರುತ್ತಾನೆ. ಮೊದಲು ತೂಕ, ಆಮೇಲೆ ರಕ್ತದೊತ್ತಡ. ಎಡಗೈಯಲ್ಲಿ ಶಸ್ತ್ರಚಿಕಿತ್ಸೆಯಿಂದ ಧಮನಿಗೂ ಸಿರೆಗೂ ಬೆಸುಗೆ ಹಾಕಿದ ಜಾಗಕ್ಕೆ ಎರಡು ದಪ್ಪ ಸೂಜಿಗಳು. ಒಂದರಿಂದ ರಕ್ತ ಹೊರಗೆ, ಶುದ್ಧಿಯಾಗಿ ಇನ್ನೊಂದರಿಂದ ಒಳಗೆ, ಹೀಗೆ 4 ತಾಸು. ಇದಕ್ಕೆ ಸುಮಾರು 120 ಲೀಟರ್ ಶೋಧಿಸಿದ ನೀರು ಬೇಕು. ನೀರೋ ವಿದ್ಯುತ್ತೋ ಕೈಕೊಟ್ಟರೆ 11ಕ್ಕೆ ಮುಗಿಯಬೇಕಾದುದು ಮಧ್ಯಾಹ್ನಕ್ಕೆ ಜಾರುವುದುಂಟು. ಸೂಜಿ ತೆಗೆದು, ರಕ್ತ ನಿಲ್ಲುವವರೆಗೆ ಒತ್ತಿ ಹಿಡಿದು, ಮತ್ತೆ ತೂಗಿ, ಒಂದಿಷ್ಟು ಉಂಡು ಅವನು ಶಹಾಪುರಕ್ಕೆ ಮರಳುವಾಗ ಒಂದು ಗಂಟೆ ಮೀರಿರುತ್ತದೆ. ರಕ್ತದೊತ್ತಡ ಇಳಿದು, ಕಾಲಿನ ಮಾಂಸಖಂಡ ಸೆಳೆದುಕೊಂಡ ದಿನ ಮನೆಗಲ್ಲದೆ ಬೇರೆಡೆಗೆ ಹೋಗುವಂತಿಲ್ಲ.

ಇಷ್ಟನ್ನೂ ಪತ್ರದಲ್ಲಿ ತುಂಬಬೇಕಾಗಿಲ್ಲ. ರಕ್ತಪರೀಕ್ಷೆಯ ಕಾಗದಗಳು ಸಾಹುಕಾರರಿಗೆ ಏತಕ್ಕೆ? ದಿನ, ವೇಳೆಗಳನ್ನು ಬರೆದ ಆಸ್ಪತ್ರೆಯ ದೃಢೀಕರಣವೊಂದು ಜೊತೆಗಿದ್ದರೆ ಸಾಕು. ಈ ಗುಮಾಸ್ತ ಹೀಗೆ ಬರೆದ:

“ಮಾನ್ಯ ಸಾಹುಕಾರರಲ್ಲಿ ಅರಿಕೆ. ಮಿಲ್ಲಿನ ವಾರದ ಕೆಲಸ 48 ತಾಸು. ಡಯಾಲಿಸಿಸ್ ಇರುವ ಮೂರು ದಿನ ನಾನು 2 ಗಂಟೆಗೆ ಬಂದು 6ರವರೆಗೆ ಇರಬಲ್ಲೆ. ಇದರಿಂದ 12 ತಾಸು ಕಡಮೆ ಬೀಳುತ್ತದೆ. ಉಳಿದ ಮೂರು ದಿನ ಒಂದೊಂದು ತಾಸು ಮುಂಚೆ ಬರುವೆ. ಭಾನುವಾರ ಮನೆಯಲ್ಲಿ 3 ತಾಸು ಖಾತೆ ಬರೆದುಕೊಡುವೆ. ಬಾಕಿ 6 ತಾಸಿಗೆ ಸಂಬಳ ಕಡಿತ ಮಾಡಬಹುದು. ಬರಲಾಗದ ದಿನ 12 ಗಂಟೆಯೊಳಗೆ ಫೋನ್ ಮಾಡುವೆ. ಎಡಗೈಯಿಂದ ಭಾರ ಎತ್ತಕೂಡದೆಂದು ವೈದ್ಯರು ಹೇಳಿರುವುದರಿಂದ ಅಂಡಿಗೆಗಳ ತೂಕದ ಕೆಲಸವನ್ನು ಬೇರೊಬ್ಬರಿಗೆ ವಹಿಸಬೇಕೆಂದು ಬೇಡುತ್ತೇನೆ. ಎರಡು ತಿಂಗಳು ಹೀಗೆ ನಡೆಸಿ ನೋಡಿ, ಆಮೇಲೆ ತಾವು ತೀರ್ಮಾನಿಸಬಹುದು.”

ಕೂಡಿ ಕಳೆದರೆ ಲೆಕ್ಕ ಸರಿಹೋಗುತ್ತದೆ, ಗುಮಾಸ್ತನ ಪತ್ರವಲ್ಲವೆ! ಹನ್ನೆರಡು ತಾಸನ್ನೂ ತುಂಬಿಕೊಡುವೆನೆಂದು ಅವನು ಬರೆಯದಿದ್ದುದು ಜಾಣತನ. ಹಾಗೆ ಮಾತು ಕೊಟ್ಟವರು ತಿಂಗಳು ಕಳೆಯುವುದರೊಳಗೆ ಬಳಲಿ, ಡಯಾಲಿಸಿಸನ್ನೇ ಒಮ್ಮೊಮ್ಮೆ ತಪ್ಪಿಸತೊಡಗುವ ಅಪಾಯವಿದೆ.

ಸಾಹುಕಾರರು ಪತ್ರವನ್ನು ಎರಡು ಸಲ ಓದಿದರು. ಅವರ ತೊಡಕು ಒಂದೇ: ಮಂಗಳವಾರ ಹತ್ತಿಯ ಗಾಡಿಗಳು ಬರುವ ದಿನ.

“ಗುರುವಾರ, ಶನಿವಾರ ಹೋಗಿ ಬಾ, ತಮ್ಮಾ. ಮಂಗಳವಾರದ್ದನ್ನು ಬುಧವಾರಕ್ಕೆ ಮಾಡಿಕೊಳ್ಳಲಾಗದೆ?”

ಕೇಳಿದವರಿಗೆ ಮೂರೂ ದಿನಗಳು ಒಂದೇ ಎಂದು ತೋರುವುದು ಸಹಜ. ಆದರೆ ಶನಿವಾರದ ತರುವಾಯ ಭಾನುವಾರ, ಸೋಮವಾರ ಎರಡು ದಿನವೂ ಯಂತ್ರವಿಲ್ಲ. ಮೂತ್ರ ಹೋಗದ ದೇಹದಲ್ಲಿ ಕುಡಿದ ನೀರೆಲ್ಲ ನಿಲ್ಲುತ್ತದೆ. ಯಾದಗಿರಿ ಸೀಮೆಯ ಬೇಸಗೆಯಲ್ಲಿ ಬಾಯಾರಿಕೆಯನ್ನು ಎಷ್ಟೆಂದು ತಡೆದಾನು? ಆಹಾರದೊಳಗಿನ ಪೊಟ್ಯಾಸಿಯಂ ರಕ್ತದಲ್ಲಿ ಸೇರುತ್ತ ಹೋಗುತ್ತದೆ. ಪಾದ ಬಾತು, ಮಲಗಿದರೆ ಉಸಿರು ಕಟ್ಟುವುದು ನೀರಿನ ಗುರುತು. ಪೊಟ್ಯಾಸಿಯಂ ಹಲವು ವೇಳೆ ಯಾವ ಗುರುತನ್ನೂ ತೋರದೆ ಹೃದಯದ ಬಡಿತವನ್ನೇ ಕೆಡಿಸಿಬಿಡುತ್ತದೆ. ವಾರದಲ್ಲಿ ಅತ್ಯಂತ ಅಪಾಯದ ಹೊತ್ತು ಈ ದೀರ್ಘ ಅಂತರದ ಕೊನೆ, ಅಂದರೆ ಮಂಗಳವಾರದ ಬೆಳಗು.

ಗುಮಾಸ್ತ ಇದನ್ನೆಲ್ಲ ವಿವರಿಸಲಿಲ್ಲ. “ಸಾಹುಕಾರ್ರೇ, ಗುರುವಾರದ್ದಾದರೆ ಆಸ್ಪತ್ರೆಯವರ ಕೈಕಾಲು ಹಿಡಿದು ಒಂದು ದಿನ ಹಿಂದುಮುಂದು ಮಾಡಿಸಿಕೊಂಡೇನು. ಮಂಗಳವಾರದ್ದು ಮಾತ್ರ ಆಗದ ಮಾತು. ಎರಡು ದಿನದ ವಿಷ ಮೈಯಲ್ಲಿರುತ್ತದೆ” ಎಂದ.

ಸಾಹುಕಾರರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಪತ್ರವನ್ನು ಮೇಜಿನ ಮೇಲಿಟ್ಟು, ‘ಎರಡು ತಿಂಗಳು’ ಎಂಬುದರ ಕೆಳಗೆ ಗೆರೆ ಎಳೆದು, ಮಂಗಳವಾರ ಮುಂಜಾನೆಯ ಗಾಡಿಗಳ ಲೆಕ್ಕವನ್ನು ಯಾರು ಬರೆಯಬಲ್ಲರೆಂದು ಅವನನ್ನೇ ಕೇಳಿದರು.