105% ತುಂಬಿದ ಟ್ಯಾಂಕು ಮತ್ತು ಹೋದ ವರ್ಷದ ಹ್ಯಾಕಥಾನ್

ಬರೋ ತಿಂಗಳ ಎರಡನೇ ಶನಿವಾರ ಬೆಳಿಗ್ಗೆ 9ಕ್ಕೆ ನಮ್ಮ ಕಾಲೇಜಿನ ಹ್ಯಾಕಥಾನ್ ಶುರು, ಭಾನುವಾರ ಬೆಳಿಗ್ಗೆ 9ಕ್ಕೆ ಮುಗಿತು. ಇಪ್ಪತ್ನಾಲ್ಕು ಗಂಟೆ, ನಾಲ್ಕು ಜನರ ತಂಡ, ಯಾವ ಬ್ರಾಂಚಾದ್ರೂ ಸರಿ. ಪೋಸ್ಟರ್ ಆಗಲೇ ನೋಡಿರ್ತೀರ. ನೋಡಿ "ಇದು ನಮಗಲ್ಲ, ಸಿಎಸ್‌ನವರಿಗೆ" ಅಂತ ಮುಂದೆ ಹೋಗಿರ್ತೀರ. ಹೋದ ವರ್ಷ ನಾನೂ ಹಾಗೇ ಹೋಗಿದ್ದೆ. ನಾನು ಸಿವಿಲ್. ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ. ಕೋಡಿಂಗ್ ಅಂದ್ರೆ ಮೊದಲ ಸೆಮಿಸ್ಟರಿನ ಸಿ ಲ್ಯಾಬು, ಅದೂ ರೆಕಾರ್ಡ್ ಬರೆದು ಪಾಸಾದದ್ದು.

ಕರೆದುಕೊಂಡು ಹೋದವಳು ಇ.ಸಿ. ಓದುವ ಗೆಳತಿ. "ತಂಡಕ್ಕೆ ಒಬ್ಬಳು ಕಮ್ಮಿ ಇದ್ದಾಳೆ, ಬಾರೇ, ಸುಮ್ನೆ ಕೂತ್ಕೊ" ಅಂದಳು. ಸುಮ್ನೆ ಕೂರಲಿಕ್ಕೆ ಆಗಲಿಲ್ಲ. ಆ ಕಥೆಯನ್ನ ಪೂರ್ತಿ ಹೇಳ್ತೀನಿ, ಯಾಕಂದ್ರೆ ಅಲ್ಲಿ ಏನು ಸಿಗುತ್ತೆ ಅಂತ ಕೇಳಿದವರಿಗೆ ನನ್ನ ಹತ್ರ ಇರೋ ಉತ್ತರ ಅದೊಂದೇ.

ಮೊದಲ ಒಂದೂವರೆ ಗಂಟೆ ನಾವು ಜಗಳದಲ್ಲೇ ಕಳೆದೆವು. ಸಿಎಸ್‌ನವನಿಗೆ ಇಡೀ ಊರಿನ ಟ್ರಾಫಿಕ್ ಸರಿಮಾಡಬೇಕಿತ್ತು. ಮೆಕ್ಯಾನಿಕಲ್‌ನವನಿಗೆ ಡ್ರೋನ್ ಹಾರಿಸಬೇಕಿತ್ತು. ನಾನು, ಹಿಂದಿನ ದಿನ ತಲೆಗೆ ಶ್ಯಾಂಪೂ ಹಾಕ್ಕೊಂಡಾಗಲೇ ನೀರು ನಿಂತವಳು, ಸಿಟ್ಟಿನಲ್ಲಿ ಅಂದೆ: "ಮೊದಲು ಹಾಸ್ಟೆಲ್ ಟ್ಯಾಂಕಲ್ಲಿ ನೀರಿದೆಯಾ ಅಂತ ಹೇಳೋದು ಮಾಡ್ರೋ." ಮೂವರೂ ಸುಮ್ಮನಾದರು. ನಮ್ಮ ಬ್ಲಾಕಿನ ಮೋಟರ್ ನೋಡಿಕೊಳ್ಳೋ ಅಣ್ಣ ದಿನಕ್ಕೆ ಮೂರು ಸಲ ಕಬ್ಬಿಣದ ಏಣಿ ಹತ್ತಿ, ಟ್ಯಾಂಕಿನ ಮುಚ್ಚಳ ತೆಗೆದು ಇಣುಕಿ ನೋಡ್ತಾರೆ. ಮಳೆಗಾಲದಲ್ಲಿ ಆ ಏಣಿ ಹತ್ತೋದು ನೋಡಿದ್ರೆ ಕೆಳಗಿದ್ದವರಿಗೇ ಎದೆ ಝಲ್ ಅನ್ನುತ್ತೆ. ಇಪ್ಪತ್ನಾಲ್ಕು ಗಂಟೆಯಲ್ಲಿ ಮುಗಿಯುವಷ್ಟು ಸಣ್ಣ ಸಮಸ್ಯೆ, ಹೋಗಿ ಮುಟ್ಟಿ ನೋಡುವಷ್ಟು ಹತ್ತಿರದ ಸಮಸ್ಯೆ. ಈ ವರ್ಷ ಹೋಗುವವರೂ ಮೊದಲು ಇಂಥದ್ದನ್ನೇ ಹುಡುಕಿ.

ಬೇಕಾದ ಸಾಮಾನು ಹಾಲ್‌ನಲ್ಲೇ ಎರವಲು ಸಿಕ್ಕಿತು: ಒಂದು ESP32 ಬೋರ್ಡು, ಒಂದು HC-SR04 ಸೆನ್ಸರು. ಎರಡು ಕಣ್ಣಿರೋ ಆ ಪುಟ್ಟ ಸೆನ್ಸರನ್ನ ಲ್ಯಾಬಲ್ಲಿ ನೋಡಿರ್ತೀರ. ಕಿವಿಗೆ ಕೇಳಿಸದ ಒಂದು ಸದ್ದು ಬಿಡುತ್ತೆ, ಅದು ಎದುರಿಗಿದ್ದದ್ದಕ್ಕೆ ಬಡಿದು ವಾಪಸ್ ಬರೋ ತನಕ ಎಷ್ಟು ಮೈಕ್ರೋಸೆಕೆಂಡ್ ಆಯ್ತು ಅಂತ ತಿಳಿಸುತ್ತೆ. ಸದ್ದು ಒಂದು ಮೈಕ್ರೋಸೆಕೆಂಡಿಗೆ 0.0343 ಸೆಂ.ಮೀ. ಹೋಗುತ್ತೆ. ಹೋಗಿ ಬರುವ ದಾರಿ ಆದ್ದರಿಂದ ಎರಡರಿಂದ ಭಾಗಿಸಬೇಕು. ಅಷ್ಟೇ ಲೆಕ್ಕ:

```
float d = pulseIn(ECHO, HIGH, 30000) * 0.0343 / 2;
float p = (140 - d) / 110 * 100;
```

ಎರಡನೇ ಸಾಲು ನನ್ನದು. ನಾನು ಬರೆದ ಮೊದಲ ಉಪಯೋಗದ ಕೋಡು. ಟ್ಯಾಂಕು ಖಾಲಿಯಿದ್ದಾಗ ಮುಚ್ಚಳದಿಂದ ತಳಕ್ಕೆ 140 ಸೆಂ.ಮೀ., ತುಂಬಿದಾಗ ನೀರಿನ ಮಟ್ಟ 30 ಸೆಂ.ಮೀ. ಕೆಳಗೆ. ನಡುವಿನ 110 ಸೆಂ.ಮೀ.ನಲ್ಲಿ ಎಷ್ಟು ಭಾಗ ನೀರು ಅನ್ನೋದು ಶೇಕಡಾವಾರು. ಟೇಪ್ ಹಿಡಿದು ಅಳೆದವಳು ನಾನೇ. ಸರ್ವೇ ಲ್ಯಾಬಿನ ಅಭ್ಯಾಸ ಕೆಲಸಕ್ಕೆ ಬಂತು.

ಹಾಲ್‌ನಲ್ಲಿ ಬಕೆಟ್ ಇಟ್ಟು ಪರೀಕ್ಷೆ ಮಾಡಿದಾಗ ಎಲ್ಲಾ ಸರಿ. ಸಂಜೆ ವಾರ್ಡನ್ ಹತ್ರ ಅನುಮತಿ ತಗೊಂಡು, ಅಣ್ಣನ ಜೊತೆ ಮೇಲೆ ಹೋಗಿ ಮುಚ್ಚಳಕ್ಕೆ ಸೆನ್ಸರ್ ಕಟ್ಟಿ ಬಂದೆವು. ಫೋನಿನಲ್ಲಿ ಬಂದದ್ದು 105%. ಸಿಎಸ್‌ನವನು ನಕ್ಕು, "ಸ್ವಲ್ಪ ಆಚೀಚೆ ಇರುತ್ತೆ ಬಿಡಿ" ಅಂತ ಒಂದು ಸಾಲು ಸೇರಿಸಿದ:

```
if (p > 100) p = 100;
```

ಪರದೆ ಮೇಲೆ ಚೆಂದಕ್ಕೆ 100% ಅಂತ ಬಂತು. ನಾವು ಚಹಾ ಕುಡಿಯೋಕೆ ಹೋದೆವು. ರಾತ್ರಿ ಹತ್ತಕ್ಕೆ ನೋಡಿದ್ರೂ 100%. ಅಷ್ಟು ಹೊತ್ತಿಗೆ ಇಡೀ ಬ್ಲಾಕು ಸ್ನಾನ, ಬಟ್ಟೆ ಎಲ್ಲಾ ಮುಗಿಸಿತ್ತು, ಮೋಟರ್ ಹಾಕಿರಲಿಲ್ಲ. ಅಣ್ಣ ಅಂದ್ರು: "ಇಲ್ಲಮ್ಮ, ಅರ್ಧ ಟ್ಯಾಂಕ್ ಕೂಡ ಇರೋದು ಡೌಟು."

ಆ 105 ನಮಗೆ ಸತ್ಯವನ್ನೇ ಹೇಳ್ತಿತ್ತು, ನಾವು ಅದರ ಬಾಯಿ ಮುಚ್ಚಿಸಿದ್ದೆವು. 105% ಬರಬೇಕಂದ್ರೆ ಸೆನ್ಸರಿಗೆ ಏನೋ 24 ಸೆಂ.ಮೀ. ದೂರದಲ್ಲಿ ಕಾಣಬೇಕು, ಅಂದ್ರೆ ತುಂಬಿದ ಮಟ್ಟಕ್ಕಿಂತ ಮೇಲೆ. ಅಲ್ಲಿ ನೀರು ಇರೋಕೆ ಸಾಧ್ಯವೇ ಇಲ್ಲ. ಆ ಸಾಲನ್ನ ಅಳಿಸಿ, ಶೇಕಡಾವಾರು ಬಿಟ್ಟು ಬರೀ ದೂರವನ್ನ ಪ್ರಿಂಟ್ ಮಾಡಿದೆವು. 24, 24, 24. ನೀರು ಅಷ್ಟು ಅಲುಗಾಡದೆ ಇರುತ್ತಾ? ಟಾರ್ಚ್ ಹಿಡಿದು ನೋಡಿದರೆ ನೀರು ತುಂಬುವ ಪೈಪು ಪಕ್ಕದಿಂದ ಅಡ್ಡಲಾಗಿ ಒಂದು ಅಡಿ ಒಳಗೆ ಚಾಚಿಕೊಂಡಿದೆ, ನಾವು ಸೆನ್ಸರನ್ನ ಸರಿಯಾಗಿ ಅದರ ನೆತ್ತಿ ಮೇಲೆ ಕಟ್ಟಿದ್ದೇವೆ. ಸದ್ದು ನೇರ ಗೆರೆಯಂತೆ ಇಳಿಯಲ್ಲ, ಶಂಕುವಿನ ಹಾಗೆ ಅಗಲವಾಗ್ತಾ ಇಳಿಯುತ್ತೆ. ದಾರಿಯಲ್ಲಿ ಮೊದಲು ಸಿಕ್ಕಿದ್ದೇ ಅದಕ್ಕೆ ನೀರು. ಪೈಪಿನಿಂದ ದೂರ, ಗೋಡೆಗೂ ತೀರಾ ಹತ್ತಿರವಲ್ಲದ ಜಾಗಕ್ಕೆ ಬದಲಾಯಿಸಿದೆವು. 83 ಸೆಂ.ಮೀ. ಬಂತು, ಅಂದ್ರೆ 52%. ಬಿದಿರು ಕೋಲು ಇಳಿಸಿ ಅಳೆದೆ. ಅದೂ 83! ಅಣ್ಣ ಕೋಲನ್ನೂ ಫೋನನ್ನೂ ಎರಡೆರಡು ಸಲ ನೋಡಿದರು.

ಆದ್ರೂ ನಡುನಡುವೆ ಅಂಕಿ ಎಲ್ಲೆಲ್ಲೋ ಹಾರ್ತಿತ್ತು. ಒಂದು ಸಲದ ಏಳು ಓದುಗಳು ನನ್ನ ನೋಟ್‌ಬುಕ್ಕಿನಲ್ಲಿ ಇನ್ನೂ ಇವೆ: 83, 84, 83, 0, 84, 83, 391. ಸೊನ್ನೆ ಅಂದ್ರೆ ಪ್ರತಿಧ್ವನಿ ಬರಲೇ ಇಲ್ಲ, ಕಾದು ಸಾಕಾಗಿ `pulseIn` ಸೊನ್ನೆ ಕೊಟ್ಟಿದೆ. 391 ಅಂದ್ರೆ ಸದ್ದು ಗೋಡೆಯಿಂದ ಗೋಡೆಗೆ ಬಡಿದು ಸುತ್ತಾಡಿ ತಡವಾಗಿ ಬಂದಿದೆ. ಸರಾಸರಿ ತೆಗೆದರೆ 115, ಅಂದ್ರೆ ಟ್ಯಾಂಕು 22%. ಅದನ್ನ ನಂಬಿದ್ರೆ ಅಣ್ಣ ರಾತ್ರಿ ಸುಮ್ಮನೆ ಎದ್ದು ಮೋಟರ್ ಹಾಕ್ತಾರೆ. ಏಳನ್ನೂ ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿ ನಡುವಿನದ್ದನ್ನ ತಗೊಂಡರೆ 83. ಮೀಡಿಯನ್! ಪರೀಕ್ಷೆಗೆ ಎಷ್ಟೋ ಸಲ ಲೆಕ್ಕ ಹಾಕಿದ್ದೆ, ಅದು ಯಾಕಿದೆ ಅಂತ ಗೊತ್ತಾಗಿದ್ದು ಆ ರಾತ್ರಿ ಒಂದೂವರೆಗೆ, ನೆಲದ ಮೇಲೆ ಚಕ್ಕಲಮಕ್ಕಲ ಹಾಕಿ ಕೂತಾಗ.

ವೈ-ಫೈ ಕಥೆ ಚಿಕ್ಕದಾಗಿ ಹೇಳಿಬಿಡ್ತೀನಿ, ಈ ಸಲ ಅರ್ಧ ತಂಡಗಳು ಇದೇ ಗುಂಡಿಗೆ ಬೀಳೋದು ಖಂಡಿತ. ಕ್ಯಾಂಪಸ್ ವೈ-ಫೈಗೆ ಬ್ರೌಸರಿನಲ್ಲಿ ಲಾಗಿನ್ ಪುಟ ತೆರೆಯಬೇಕು. ESP32ಗೆ ಬ್ರೌಸರ್ ಎಲ್ಲಿಂದ ಬರಬೇಕು? ಸರಿ, ಫೋನ್ ಹಾಟ್‌ಸ್ಪಾಟ್ ಅಂದ್ವಿ. ಅದೂ ಸಿಗಲಿಲ್ಲ, ಎರಡು ಗಂಟೆ ಹಾಳು. ಆ ಬೋರ್ಡಿಗೆ ಕಾಣೋದು 2.4 GHz ಮಾತ್ರ, ನಮ್ಮ ಫೋನು 5 GHzನಲ್ಲಿ ಕೊಡ್ತಿತ್ತು. ಹಾಟ್‌ಸ್ಪಾಟ್ ಸೆಟ್ಟಿಂಗಿನಲ್ಲಿ ಬ್ಯಾಂಡ್ ಬದಲಿಸಿದ ತಕ್ಷಣ ಸಿಕ್ಕಿತು. ಬೋರ್ಡಿನ ಡೇಟಾಶೀಟಿನ ಮೊದಲ ಪುಟದಲ್ಲೇ ಬರೆದಿತ್ತು. ಓದಿದವರು ಯಾರು?

ಬೆಳಿಗ್ಗೆ ತೀರ್ಪುಗಾರರು ಬಂದರು. ಪ್ರತಿ ತಂಡಕ್ಕೆ ಐದು ನಿಮಿಷ. ಮಾತಾಡೋ ಕೆಲಸ ನನಗೆ ಬಿತ್ತು, ಟ್ಯಾಂಕಿನ ಹತ್ರ ಹೆಚ್ಚು ಹೊತ್ತು ಇದ್ದವಳು ನಾನೇ ಅಂತ. ಇಂಗ್ಲಿಷಿನಲ್ಲಿ ಎರಡು ವಾಕ್ಯ ಆಗೋಷ್ಟರಲ್ಲಿ ಗಂಟಲು ಒಣಗಿತು. ಒಬ್ಬರು ಮೇಡಂ "ಕನ್ನಡದಲ್ಲೇ ಹೇಳಮ್ಮ" ಅಂದ್ರು. ಆಮೇಲೆ ನನ್ನನ್ನ ನಿಲ್ಲಿಸೋಕೆ ಬೆಲ್ ಹೊಡೀಬೇಕಾಯ್ತು. 105ರ ಕಥೆಯನ್ನೂ ಮುಚ್ಚಿಡದೆ ಹೇಳಿದೆ. ಅವರು ಹೆಚ್ಚು ಹೊತ್ತು ಕೇಳಿದ್ದೂ ಅದನ್ನೇ.

ಕೊನೆಗೆ ಅದೇ ಮೇಡಂ ಒಂದು ಪ್ರಶ್ನೆ ಹಾಕಿದರು: "ಬೇಸಿಗೆ ಮಧ್ಯಾಹ್ನ ಟ್ಯಾಂಕಿನೊಳಗಿನ ಗಾಳಿ 40 ಡಿಗ್ರಿ ಆದ್ರೆ?" ನಾವು ನಾಲ್ವರೂ ಮುಖ ಮುಖ ನೋಡಿಕೊಂಡೆವು. ಅವರೇ ಹಾಳೆ ಮೇಲೆ ಬರೆದು ತೋರಿಸಿದರು. ನಮ್ಮ 0.0343 ಸುಮಾರು 20 ಡಿಗ್ರಿಯ ಗಾಳಿಗೆ ಸರಿ. 40 ಡಿಗ್ರಿಯಲ್ಲಿ ಸದ್ದು ಜೋರಾಗಿ ಓಡುತ್ತೆ, 0.0355ರ ಆಸುಪಾಸು. ನೀರು ನಿಜಕ್ಕೂ 110 ಸೆಂ.ಮೀ. ಕೆಳಗಿದ್ರೆ ನಮ್ಮ ಕೋಡು 106 ಅನ್ನುತ್ತೆ. 27% ಇರೋ ಟ್ಯಾಂಕು 31% ಅಂತ ಕಾಣುತ್ತೆ. ಮೋಟರ್ ಹಾಕೋಕೆ ಇಷ್ಟು ತಪ್ಪು ನಡೆಯುತ್ತೆ, ಆದ್ರೆ ಎಷ್ಟು ತಪ್ಪು ಅಂತ ನಿಮಗೆ ಗೊತ್ತಿರಬೇಕಿತ್ತು ಅಂದರು. ಬಹುಮಾನ ಬರಲಿಲ್ಲ. ಬೇಜಾರಾಗಲಿಲ್ಲ ಅಂದ್ರೆ ಸುಳ್ಳಾಗುತ್ತೆ, ಆವತ್ತು ಮಧ್ಯಾಹ್ನ ಊಟ ಸೇರಲಿಲ್ಲ.

ಅಂದಹಾಗೆ, ಬಹುಮಾನ ಅನ್ನೋದು ಹ್ಯಾಕಥಾನಿಗೆ ಆಮೇಲೆ ಅಂಟಿಕೊಂಡದ್ದು. ಈ ಹೆಸರಿನ ಮೊದಲ ಕೂಟಗಳಲ್ಲೊಂದು 1999ರ ಜೂನಿನಲ್ಲಿ ಕೆನಡಾದ ಕ್ಯಾಲ್ಗರಿಯಲ್ಲಿ ನಡೀತು. ಓಪನ್‌ಬಿಎಸ್‌ಡಿ ಬರೆಯೋರು ಒಂದೆಡೆ ಕೂತು ಗೂಢಲಿಪಿಯ ಕೋಡು ಬರೆದರು. ಅಮೆರಿಕದಲ್ಲಿ ಬರೆದರೆ ಅಲ್ಲಿನ ರಫ್ತು ಕಾನೂನು ಅಡ್ಡ ಬರ್ತಿತ್ತು, ಅದಕ್ಕೇ ಗಡಿಯಾಚೆ. ಕಪ್ಪು, ಚೆಕ್ಕು ಗೆಲ್ಲೋಕೆ ಸೇರಿದವರಲ್ಲ ಅವರು. ನಮ್ಮಲ್ಲಿ ಕೆಲವರು ಬರೀ ಸರ್ಟಿಫಿಕೇಟಿಗೆ ಬಂದು, ಹಳೇ ಮಿನಿ ಪ್ರಾಜೆಕ್ಟಿಗೆ ಹೊಸ ಹೆಸರಿಟ್ಟು ತೋರಿಸ್ತಾರೆ. ತೀರ್ಪುಗಾರರ ಎರಡನೇ ಪ್ರಶ್ನೆಗೇ ಅದು ಗೊತ್ತಾಗಿಬಿಡುತ್ತೆ.

ನನಗೆ ಸಿಕ್ಕಿದ್ದು ಇಷ್ಟು. ಇಂಟರ್ನ್‌ಶಿಪ್ ಇಂಟರ್‌ವ್ಯೂನಲ್ಲಿ "ನೀನು ಮಾಡಿದ ಒಂದು ತಪ್ಪು ಹೇಳು" ಅಂದಾಗ ಹೇಳೋಕೆ 105 ಇತ್ತು. ಹತ್ತು ನಿಮಿಷ ಅದರ ಮೇಲೇ ಮಾತಾಯ್ತು. ಗಿಟ್‌ಹಬ್‌ನಲ್ಲಿ ನನ್ನ ಹೆಸರಿನ ಎರಡು ಸಾಲು ಇವೆ. ಬೇರೆ ಬ್ರಾಂಚಿನ ಮೂವರು ಗೆಳೆಯರು ಸಿಕ್ಕರು, ಅವರಿಗೆ ನಾನು ಲೆವೆಲಿಂಗ್ ಹೇಳಿಕೊಟ್ಟೆ, ಅವರು ನನಗೆ ಕೋಡು.

ಆ ಯಂತ್ರ ಮೂರು ವಾರ ನಡೀತು. ಆಮೇಲೆ ಮುಚ್ಚಳದ ಒಳಗೆ ಕಟ್ಟಿಕೊಳ್ಳೋ ಹನಿ ನೀರಿಗೆ ಸೆನ್ಸರು ತುಕ್ಕು ಹಿಡಿದು ಸತ್ತಿತು, HC-SR04 ತೇವ ತಡೆಯೋ ಸಾಮಾನಲ್ಲ. JSN-SR04T ಅಂತ ನೀರು ತಡೆಯೋದು ಒಂದು ಸಿಗುತ್ತೆ. ಅದಕ್ಕೆ ಸುಮಾರು 20–25 ಸೆಂ.ಮೀ.ಗಿಂತ ಹತ್ತಿರದ್ದು ಕಾಣಲ್ಲ, ನಮ್ಮ ಟ್ಯಾಂಕಿನ ತುಂಬಿದ ಮಟ್ಟ 30. ಅಂತೂ ಹೊಂದುತ್ತೆ. ಜೊತೆಗೆ ಒಂದು ತಾಪಮಾನದ ಸೆನ್ಸರ್ ಹಾಕಿದರೆ ಮೇಡಂ ಪ್ರಶ್ನೆಗೂ ಉತ್ತರ ಆಗುತ್ತೆ. ನಾನು ಈಗ ಫೈನಲ್ ಇಯರ್, ಈ ಸಲ ಸ್ಪರ್ಧೆಯಲ್ಲಿಲ್ಲ, ಹಾಲ್‌ನಲ್ಲಿ ವಾಲಂಟಿಯರ್ ಆಗಿ ರಾತ್ರಿಯಿಡೀ ಇರ್ತೀನಿ. ಈ ಕೆಲಸ ಯಾರಾದ್ರೂ ಎತ್ತಿಕೊಳ್ಳೋದಾದ್ರೆ ನನ್ನ ಅಳತೆಗಳು, ನೋಟ್‌ಬುಕ್ಕು, ಬಿದಿರು ಕೋಲು ಎಲ್ಲಾ ನಿಮ್ಮದೇ.

ಹೆಸರು ಕೊಡೋ ಫಾರ್ಮು ಲೈಬ್ರರಿ ಎದುರಿನ ನೋಟಿಸ್ ಬೋರ್ಡಿನ ಹತ್ರ ಇದೆ. ತಂಡ ಇಲ್ಲದಿದ್ರೂ ಒಬ್ಬರೇ ಬರೆದುಕೊಡಿ, ಸೇರಿಸೋ ಜವಾಬ್ದಾರಿ ನಮ್ಮದು. ಬರುವಾಗ ಒಂದು ಎಕ್ಸ್‌ಟೆನ್ಶನ್ ಬಾಕ್ಸು, ಒಂದು ಬೆಡ್‌ಶೀಟು ತನ್ನಿ. ಮೊನ್ನೆ ಮೆಸ್ ಹತ್ರ ಅಣ್ಣ ಸಿಕ್ಕಿದ್ದರು. "ಆ ಡಬ್ಬಿ ಮತ್ತೆ ಯಾವಾಗ ಹಾಕ್ತೀರಮ್ಮ? ಮಳೆ ಶುರುವಾಗ್ತಿದೆ" ಅಂತ ಕೇಳಿದರು. ಎರಡನೇ ಶನಿವಾರ ಆದಮೇಲೆ ಹೇಳ್ತೀನಿ ಅಂದಿದ್ದೀನಿ.