ಒಂದೂವರೆ ನಿಮಿಷದ ಸಾಕ್ಷಿಗಳು

ಮಾಟುಂಗದಲ್ಲಿ ನಾನು ಕಾಫಿಪುಡಿ ಕೊಳ್ಳುವ ಪುಟ್ಟ ಅಂಗಡಿಯ ಯಜಮಾನರು ಒಂದು ಸಂಜೆ ತಮ್ಮ ಫೋನನ್ನು ನನ್ನ ಕೈಗಿತ್ತು, "ಇದನ್ನೆಲ್ಲ ಸೇರಿಸಿ ಒಂದು ಚೆಂದದ ವಿಡಿಯೊ ಮಾಡಿ ಕೊಡಿ ಮಾರಾಯ್ರೇ" ಎಂದರು. ಗಿರಾಕಿಗಳು ಅಂಗಡಿಯ ಬಗ್ಗೆ ಮಾತನಾಡಿದ 23 ತುಣುಕುಗಳು ಅದರಲ್ಲಿದ್ದವು. ಮನೆಯ ವಿಡಿಯೊಗಳನ್ನು ಜೋಡಿಸಿ ನನಗೆ ತುಸು ಅಭ್ಯಾಸವಿದ್ದುದರಿಂದ ಒಪ್ಪಿಕೊಂಡೆ.

ಮೊದಲು ಚಿತ್ರ ನೋಡುವುದನ್ನೇ ಬಿಟ್ಟು, ಪ್ರತಿಯೊಬ್ಬರೂ ಆಡಿದ್ದನ್ನು ಕಾಗದದ ಚೀಟಿಗಳ ಮೇಲೆ ಬರೆದುಕೊಂಡೆ. ಮುಖ ಕಾಣುತ್ತಿದ್ದರೆ ನಗುವಿಗೆ ಮರುಳಾಗುತ್ತೇವೆ. ಬರೆದಾಗ ಮಾತಿನ ತೂಕ ತಿಳಿಯುತ್ತದೆ. ಹದಿನಾಲ್ಕು ಚೀಟಿಗಳಲ್ಲಿ "ತುಂಬಾ ಚೆನ್ನಾಗಿದೆ" ಎಂಬುದರಾಚೆ ಏನೂ ಇರಲಿಲ್ಲ. ಅವನ್ನು ಬದಿಗಿಟ್ಟೆ. ಉಳಿದವುಗಳಲ್ಲಿ ಮೂವರು ಒಂದೇ ಸಂಗತಿಯನ್ನು, ಬೀಜವನ್ನು ಎದುರಿಗೇ ಬೀಸಿಕೊಡುವುದನ್ನು, ಹೇಳಿದ್ದರು. ಅವರಲ್ಲಿ ಒಬ್ಬರನ್ನು ಮಾತ್ರ ಉಳಿಸಿಕೊಂಡೆ. ಕೊನೆಗೆ ಏಳು ಚೀಟಿಗಳು ಮೇಜಿನ ಮೇಲುಳಿದವು.

ಅನುಕ್ರಮದ ಪ್ರಶ್ನೆಯಲ್ಲಿ ಯಜಮಾನರಿಗೂ ನನಗೂ ಭಿನ್ನಾಭಿಪ್ರಾಯ ಬಂತು. ಪೇಟೆಯಲ್ಲಿ ಹೆಸರಿರುವ ವೈದ್ಯರೊಬ್ಬರ ಸುದೀರ್ಘ ಪ್ರಶಂಸೆ ಮೊದಲು ಬರಬೇಕೆಂಬುದು ಅವರ ಆಸೆ. ಆದರೆ ಫೋನಿನಲ್ಲಿ ನೋಡುವವನ ಬೆರಳು ಮೂರು ನಾಲ್ಕು ಸೆಕೆಂಡು ಕಾಯುವುದೂ ಕಷ್ಟ. ಆದ್ದರಿಂದ ನಿವೃತ್ತ ಶಿಕ್ಷಕಿಯೊಬ್ಬರನ್ನು ಮುಂದಿಟ್ಟೆ. ಅವರ ಮಾತು ಹೀಗಿತ್ತು: "ಒಂದು ಮಳೆಗಾಲ ಪುಡಿ ಗಂಟು ಕಟ್ಟಿತ್ತು. ಹಿಂದೆ ತಂದೆ. ಮರುಮಾತಿಲ್ಲದೆ ಬೇರೆ ಬೀಜ ಬೀಸಿಕೊಟ್ಟರು." ದೂರಿನಿಂದ ಆರಂಭವೇ ಎಂದು ಯಜಮಾನರು ಕಸಿವಿಸಿಗೊಂಡರು. ದೂರು ಕೇಳಿದವನು ಮುಂದೇನಾಯಿತೆಂದು ಕೇಳಲು ನಿಲ್ಲುತ್ತಾನೆ ಎಂದೆ. ವೈದ್ಯರ ಎರಡು ನಿಮಿಷಗಳಿಂದ ಒಂಬತ್ತು ಸೆಕೆಂಡುಗಳನ್ನು ಮಾತ್ರ ತೆಗೆದು ನಡುವೆ ಇರಿಸಿದೆ. ಕನ್ನಡ, ತಮಿಳು, ಮರಾಠಿ, ಹಿಂದಿ ದನಿಗಳು ಅಕ್ಕಪಕ್ಕ ಬೇರೆಬೇರೆಯಾಗಿ ಬರುವಂತೆಯೂ ನೋಡಿಕೊಂಡೆ. ಎರಡನೆಯ ಅತ್ಯುತ್ತಮ ತುಣುಕನ್ನು ಕೊನೆಗೆ ಕಾದಿರಿಸಿದೆ, ಏಕೆಂದರೆ ಕಿವಿಯಲ್ಲಿ ಉಳಿಯುವುದು ಅದೇ. ಒಟ್ಟು ಒಂದೂವರೆ ನಿಮಿಷ.

ಇನ್ನು ನೋಟದ ಏಕರೂಪ. ಒಬ್ಬರ ಮುಖ ಟ್ಯೂಬ್‌ಲೈಟಿನಲ್ಲಿ ಹಸಿರಾಗಿತ್ತು, ಇನ್ನೊಬ್ಬರದು ಬಲ್ಬಿನಡಿ ಅರಿಶಿನ ಮೆತ್ತಿದಂತಿತ್ತು. ಎಲ್ಲಕ್ಕೂ ಒಂದೇ ಫಿಲ್ಟರ್ ಹಾಕಿದರೆ ಹಸಿರು ಇನ್ನಷ್ಟು ಹಸಿರಾಯಿತೇ ಹೊರತು ಸರಿಹೋಗಲಿಲ್ಲ. ಮೊದಲು ಪ್ರತಿ ತುಣುಕಿನಲ್ಲೂ ಬಿಳಿಯ ವಸ್ತುವೊಂದನ್ನು, ಗೋಡೆಯನ್ನೋ ಅಂಗಿಯ ಕಾಲರನ್ನೋ, ಹುಡುಕಿ ಅದು ಬಿಳಿಯಾಗಿ ಕಾಣುವವರೆಗೆ ಬಣ್ಣ ತಿದ್ದಬೇಕು. ಒಂದೇ ಛಾಯೆಯನ್ನು ಎಲ್ಲಕ್ಕೂ ಕೊಡುವುದು ಆಮೇಲಿನ ಕೆಲಸ. ಅಡ್ಡಲಾಗಿ ತೆಗೆದ ಎರಡು ತುಣುಕುಗಳನ್ನು ಮುಖದ ಸುತ್ತ ಕತ್ತರಿಸಿ ಉದ್ದಕ್ಕೆ ಹೊಂದಿಸಿದೆ. ವಾಟ್ಸ್ಆ್ಯಪ್‌ನಲ್ಲಿ ಸವೆದು ಬಂದದ್ದೊಂದು ಹಾಗೆ ಹಿಗ್ಗಿಸಿದಾಗ ಮಸುಕಾಯಿತು. ಅದನ್ನು ಡಾಕ್ಯುಮೆಂಟ್ ರೂಪದಲ್ಲಿ ಮತ್ತೆ ಕಳುಹಿಸಲು ಕೇಳಿಕೊಂಡೆ. ಅಕ್ಷರಗಳ ಹಿಂದಿನ ಪಟ್ಟಿಗೆ ಅಂಗಡಿಯ ಪೊಟ್ಟಣದ ಕಂದು ಬಣ್ಣವನ್ನೇ ಬಳಸಿದೆ. ಕಣ್ಣಿಗಿಂತ ಕಿವಿ ಹೆಚ್ಚು ಕೆಣಕುವಂಥದು: ಒಬ್ಬರ ಪಿಸುದನಿಯ ನಂತರ ಇನ್ನೊಬ್ಬರ ಗರ್ಜನೆ ಬಂದರೆ ಬಣ್ಣ ಎಷ್ಟು ಹೊಂದಿದ್ದರೂ ವ್ಯರ್ಥ. ಕಣ್ಣು ಮುಚ್ಚಿ ಕೇಳಿ ಎಲ್ಲ ದನಿಗಳನ್ನೂ ಒಂದೇ ಮಟ್ಟಕ್ಕೆ ತಂದೆ.

ಏಳನೆಯ ಚೀಟಿಯ ಕಥೆ ಬೇರೆ. "ಇಪ್ಪತ್ತು ವರ್ಷಗಳಿಂದ ಇಲ್ಲಿಯದೇ ಪುಡಿ, ಈ ಪರಿಮಳ ಬೇರೆಲ್ಲೂ ಇರಲಿಲ್ಲ" ಎಂದು ಹಿರಿಯರೊಬ್ಬರು ಹೇಳಿದ್ದರು. ಅದನ್ನೇ ಕೊನೆಗೆ ಇಟ್ಟಿದ್ದೆ. ಮೂಲವನ್ನು ಮತ್ತೊಮ್ಮೆ ಪೂರ್ತಿ ಕೇಳಿದಾಗಲೇ ಅರಿವಾದದ್ದು: ಕ್ಷಣಕಾಲ ತಡೆದು ಅವರು "ಈಚೆಗೆ ಮಾತ್ರ ಮೊದಲಿನಷ್ಟಿಲ್ಲ" ಎಂದಿದ್ದರು. ಚೀಟಿ ಬರೆಯುವಾಗ ಫ್ಯಾನಿನ ಸದ್ದಿನಲ್ಲಿ ಅದು ನನಗೆ ತಪ್ಪಿಹೋಗಿತ್ತು. "ಅಲ್ಲಿಗೇ ಕತ್ತರಿಸಿ, ಯಾರಿಗೆ ಗೊತ್ತಾಗುತ್ತದೆ?" ಎಂದ ಯಜಮಾನರ ಅಳಿಯ. ಕತ್ತರಿಸಿದ್ದರೆ ಜೋಡಣೆಯ ಕುರುಹೂ ಉಳಿಯುತ್ತಿರಲಿಲ್ಲ. ವೈದ್ಯರ ಮಾತನ್ನು ಕತ್ತರಿಸಿದವನೂ ನಾನೇ ಅಲ್ಲವೇ? ಆದರೆ ಅಲ್ಲಿ ಮಾತು ಕಿರಿದಾಗಿತ್ತು, ಅಭಿಪ್ರಾಯ ಬದಲಾಗಿರಲಿಲ್ಲ. ಇಲ್ಲಿ ಆ ಹಿರಿಯರು ತಾವು ಹೇಳದ್ದನ್ನು ಹೇಳಿದಂತಾಗುತ್ತಿತ್ತು, ಅದೂ ತಮ್ಮದೇ ಮುಖದಿಂದ.

ತುಣುಕನ್ನು ಇಡಿಯಾಗಿ ತೆಗೆದೆ. ಕೊನೆಯ ಸ್ಥಾನಕ್ಕೆ ಮರಾಠಿ ಹೆಣ್ಣುಮಗಳೊಬ್ಬಳ ಮಾತು ಬಂತು. ಅಷ್ಟೊಂದು ಗಟ್ಟಿಯಲ್ಲ, ಆದರೆ ಅವಳದೇ. ಅಳಿಯನಿಗೆ ಅಸಮಾಧಾನವಾಯಿತು. ಯಜಮಾನರು ಏನೂ ಹೇಳದೆ ಆ ತುಣುಕನ್ನು ತಮ್ಮ ಫೋನಿನಲ್ಲಿ ಎರಡು ಬಾರಿ ಹಾಕಿಕೊಂಡು ಕೇಳಿದರು. ಸಂಜೆಯ ನೂಕುನುಗ್ಗಲಿಗೆಂದು ಅಳಿಯ ಕೆಲವು ತಿಂಗಳಿಂದ ವಾರದ ಪುಡಿಯನ್ನು ಒಮ್ಮೆಗೇ ಬೀಸಿ ಡಬ್ಬಿಗಳಲ್ಲಿ ತುಂಬಿಡುತ್ತಿದ್ದನಂತೆ. ಮುಂದಿನ ಬಾರಿ ಹೋದಾಗ ಡಬ್ಬಿಗಳು ಕಾಣಲಿಲ್ಲ. ಸಾಲು ಉದ್ದವಾಗಿತ್ತು, ನನ್ನ ಕಾಲು ಕೆ.ಜಿ. ಪುಡಿಗಾಗಿ ಇಪ್ಪತ್ತು ನಿಮಿಷ ನಿಲ್ಲಬೇಕಾಯಿತು.