ಕ್ಯಾಮೆರಾ ಒಳಗೆ ಬಿಟ್ಟವರ್ಯಾರು?

ಹೋದ ವರ್ಷ ನಮ್ಮ ಆಫೀಸಿನ ವಾರ್ಷಿಕೋತ್ಸವಕ್ಕೆ ಒಂದು ಮಾಕ್ಯುಮೆಂಟರಿ ಮಾಡಿದ್ವಿ. ಅಂದ್ರೆ, ಡಾಕ್ಯುಮೆಂಟರಿ ಥರ ಕಾಣೋ ಸುಳ್ಳು ಕಥೆ. ಕ್ಯಾಮೆರಾ ಬೇಕಂತಲೇ ಅಲುಗಾಡಿಸಿದ್ವಿ, ಪ್ರತಿ ಜೋಕ್ ಆದ್ಮೇಲೂ ಲೆನ್ಸ್ ಕಡೆ ಒಂದು ನೋಟ. ಹಾಲ್‌ನಲ್ಲಿ ಒಬ್ಬರೂ ನಗಲಿಲ್ಲ. ಸ್ಕ್ರಿಪ್ಟ್ ಬರೆದವಳು ನಾನು, ತಲೆ ಎತ್ತೋಕಾಗಲಿಲ್ಲ.

ಆಮೇಲೆ ಅಮೆರಿಕದ 'ದಿ ಆಫೀಸ್' ಮತ್ತೆ ನೋಡಿದೆ. 2007ರ 'ಫನ್ ರನ್' ಎಪಿಸೋಡಿನಲ್ಲಿ ಜಿಮ್, ಪ್ಯಾಮ್ ತಾವು ಬರೀ ಫ್ರೆಂಡ್ಸ್ ಅನ್ನೋ ಹಾಗೇ ಇರ್ತಾರೆ. ಚಿತ್ರತಂಡಕ್ಕೆ ಅನುಮಾನ. ಅವರು ಕಾರಿನಲ್ಲಿ ಮುತ್ತಿಡೋದನ್ನ ದೂರದಿಂದ ಶೂಟ್ ಮಾಡಿ, ಅದನ್ನೇ ಅವರಿಗೆ ತೋರಿಸುತ್ತೆ. ಒಪ್ಕೊಳ್ಳದೆ ವಿಧಿಯಿಲ್ಲ!

ಆಗ ಹೊಳೀತು, ಒಳ್ಳೆ ಮಾಕ್ಯುಮೆಂಟರಿಯಲ್ಲಿ ಕ್ಯಾಮೆರಾನೂ ಒಂದು ಪಾತ್ರ. ಅದರ ಮುಂದೆ ಜನ ದೊಡ್ಡಸ್ತಿಕೆ ತೋರಿಸ್ತಾರೆ, ಅದರಿಂದ ಬಚ್ಚಿಟ್ಕೋತಾರೆ, ಕೊನೆಗೆ ಸಿಕ್ಕಿಬೀಳ್ತಾರೆ. ನಗು ಹುಟ್ಟೋದು ಅಲ್ಲೇ. ಸೋಮಾರಿ ಮಾಕ್ಯುಮೆಂಟರಿಯಲ್ಲಿ ಕ್ಯಾಮೆರಾ ಎಲ್ಲಿ ಬೇಕಾದ್ರೂ ಇರುತ್ತೆ, ಯಾರಿಗೂ ಅದರ ಪರಿವೆಯೇ ಇಲ್ಲ. ನಮ್ಮದೂ ಹಾಗೇ ಆಗಿತ್ತು. ಮ್ಯಾನೇಜರ್ ಪಾತ್ರದವನು ಬಾಗಿಲು ಹಾಕ್ಕೊಂಡು ಗುಟ್ಟಾಗಿ ಬೇರೆ ಕಂಪನಿಗೆ ಫೋನ್ ಮಾಡ್ತಿದ್ದ. ಕ್ಯಾಮೆರಾ ಮಾತ್ರ ಅವನ ಮೂಗಿನ ಮುಂದೆ. ಒಳಗೆ ಬಿಟ್ಟವರ್ಯಾರು?

ಈ ವರ್ಷ ಅದೇ ಸೀನನ್ನ ಗಾಜಿನ ಬಾಗಿಲ ಆಚೆಯಿಂದ ತೆಗೆದ್ವಿ. "ಸಂಬಳ ಎಷ್ಟು ಕೊಡ್ತೀರಿ?" ಅಂತಿದ್ದವನು ಕ್ಯಾಮೆರಾ ಕಂಡಿದ್ದೇ ತಡ, "ಹ್ಞೂ ಅಮ್ಮ, ಊಟ ಆಯ್ತು" ಅಂದ.

ಹಾಲ್‌ಗೆ ಹಾಲೇ ನಕ್ಕಿತು.